ಸರಣಿ ಅನುರಣನ ಮಂಡಲ

ರೋಧಕ, ಸುರುಳಿ ಮತ್ತು ಕೆಪಾಸಿಟರುಗಳನ್ನು ಒಂದರ ಹಿಂದೆ ಒಂದರಂತೆ ಜೋಡಿಸಿ ಪರ್ಯಾಯ ವಿದ್ಯುತ್ತನ್ನು ಹಾಯಿಸಿದಾಗ, ಯಾವುದೋ ಒಂದು ಆವೃತ್ತಿಯಲ್ಲಿ ಪ್ರವಾಹ ಗರಿಷ್ಠವಾಗುತ್ತದೆ. ಇದಕ್ಕೆ ಸರಣಿ ಅನುರಣನ ಎಂದು ಹೆಸರು. ಮೀಡಿಯಂ ವೇವ್ ರೇಡಿಯೋದಲ್ಲಿ ನಿಲ್ದಾಣವನ್ನು ಆರಿಸುವ ಮೊದಲ ಮಂಡಲ ಇದೇ.

ಕೆಪಾಸಿಟರಿನ ವಿಸರ್ಜನೆ ತೂಗಾಡುತ್ತ ನಡೆಯಬಲ್ಲದೆಂದು ವಿಲಿಯಂ ಥಾಮ್ಸನ್ 1853ರಲ್ಲಿ ಗಣಿತದಿಂದ ತೋರಿಸಿದ್ದ. ಆದರೆ ಹೊರಗಿನಿಂದ ಪರ್ಯಾಯ ವಿದ್ಯುತ್ತು ತಳ್ಳುತ್ತಿರುವಾಗ ಏನಾಗುತ್ತದೆ ಎಂಬುದು ಬೇರೆ ಪ್ರಶ್ನೆ. ಅದು 1868ರಲ್ಲಿ ಎದುರಾಯಿತು. ವಿಲಿಯಂ ಗ್ರೋವ್ ಪರ್ಯಾಯ ವಿದ್ಯುತ್ತಿನಿಂದ ಇಂಡಕ್ಷನ್ ಕಾಯಿಲ್ ನಡೆಸುತ್ತಿದ್ದಾಗ, ಪ್ರಾಥಮಿಕ ಸುರುಳಿಯ ದಾರಿಯಲ್ಲಿ ಕೆಪಾಸಿಟರ್ ಸೇರಿಸಿದರೆ ಕಿಡಿ ಜೋರಾಗುವುದನ್ನು ಕಂಡ. ದಾರಿಯನ್ನೇ ಕಡಿಯುವಂಥ ವಸ್ತುವೊಂದು ಪ್ರವಾಹವನ್ನು ಹೆಚ್ಚಿಸುವುದು ವಿಚಿತ್ರವಾಗಿತ್ತು. ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಅದೇ ವರ್ಷ ಉತ್ತರ ಕೊಟ್ಟ: ಸುರುಳಿಯ ಪರಿಣಾಮವೂ ಕೆಪಾಸಿಟರಿನ ಪರಿಣಾಮವೂ ಒಂದಕ್ಕೊಂದು ವಿರುದ್ಧ ದಿಕ್ಕಿನವು, ಎರಡೂ ಸಮನಾದಾಗ ಪ್ರವಾಹವನ್ನು ತಡೆಯಲು ತಂತಿಯ ರೋಧ ಮಾತ್ರ ಉಳಿಯುತ್ತದೆ. ಇಂದಿನ ಪಠ್ಯಪುಸ್ತಕಗಳ ಸೂತ್ರದ ತಿರುಳು ಅಲ್ಲೇ ಇದೆ.

ಆ ಸೂತ್ರಕ್ಕೆ ಬೇಕಾದ ಪದ ಬರುವುದಕ್ಕೆ ಇನ್ನೂ ಕಾಲ ಹಿಡಿಯಿತು. 'ಇಂಪಿಡೆನ್ಸ್' ಎಂಬ ಹೆಸರನ್ನು ಆಲಿವರ್ ಹೆವಿಸೈಡ್ 1886ರಲ್ಲಿ ಬಳಕೆಗೆ ತಂದ. ಅದನ್ನು ಮಿಶ್ರ ಸಂಖ್ಯೆಯಾಗಿ ಬರೆದು ಲೆಕ್ಕ ಹಾಕುವ ಕ್ರಮವನ್ನು 1893ರಲ್ಲಿ ಆರ್ಥರ್ ಕೆನೆಲಿ ಮಂಡಿಸಿದ. ಈ ಸಂಖ್ಯೆಯ ಪರಿಮಾಣ ಹೀಗಿದೆ:

|Z| = √(R² + (ωL − 1/ωC)²)

ಆವೃತ್ತಿ ಕಡಿಮೆಯಿದ್ದಾಗ 1/ωC ದೊಡ್ಡದು, ಹೆಚ್ಚಿದಾಗ ωL ದೊಡ್ಡದು. ಎರಡು ಸಮನಾಗುವ f₀ = 1/(2π√(LC)) ಎಂಬಲ್ಲಿ ಆವರಣ ಸೊನ್ನೆಯಾಗಿ |Z| ತನ್ನ ಕನಿಷ್ಠ ಬೆಲೆಯಾದ R ಅನ್ನು ಮುಟ್ಟುತ್ತದೆ. ಪ್ರಯೋಗದಲ್ಲಿ ಈ ಏರಿಳಿತದ ವಕ್ರರೇಖೆಯನ್ನು 1887ರಲ್ಲಿ ಹೈನ್ರಿಕ್ ಹರ್ಟ್ಸ್ ಎಳೆದಿದ್ದ. ಆಲಿವರ್ ಲಾಜ್ 1897ರಲ್ಲಿ ಹಕ್ಕುಪತ್ರಕ್ಕೆ ಅರ್ಜಿ ಹಾಕಿ, ಬೇಕಾದ ಸಂಕೇತವನ್ನಷ್ಟೇ ಹಿಡಿಯುವುದಕ್ಕೆ ಇದೇ ಗುಣವನ್ನು ತಂತಿರಹಿತ ಸಂಪರ್ಕದಲ್ಲಿ ಬಳಸಿದ.

ಹರಿಹರ ತಾಲೂಕಿನ ನಂದಿಗುಡಿಯಂಥ ಊರಿನ ರೇಡಿಯೋವನ್ನು ತೆಗೆದುಕೊಂಡರೆ ಲೆಕ್ಕ ಕೈಗೆ ಸಿಗುತ್ತದೆ. ಊರಿಗೆ ದಕ್ಷಿಣದಲ್ಲಿ 1965ರಲ್ಲಿ ಆರಂಭವಾದ ಭದ್ರಾವತಿ ಆಕಾಶವಾಣಿ, ಮೀಡಿಯಂ ವೇವ್‌ನಲ್ಲಿ ಅದರ ಆವೃತ್ತಿ 675 ಕಿಲೋಹರ್ಟ್ಸ್. ವಾಯುವ್ಯದಲ್ಲಿ 1950ರಿಂದಿರುವ ಧಾರವಾಡ, ಅದರದು 765. ಎರಡರ ಅಲೆಗಳೂ ಫೆರೈಟ್ ಸರಳಿಗೆ ಸುತ್ತಿದ ಸುರುಳಿಯನ್ನು ಒಟ್ಟಿಗೇ ತಾಕುತ್ತವೆ. ಸುರುಳಿಯ ಎರಡೂ ತುದಿಗೆ ಗ್ಯಾಂಗ್ ಕಂಡೆನ್ಸರ್ ಬೆಸೆದಿರುವುದರಿಂದ ನಕ್ಷೆಯಲ್ಲಿ ಇದು ಸಮಾಂತರ ಮಂಡಲದಂತೆ ಕಾಣುತ್ತದೆ. ಆದರೆ ವೋಲ್ಟೇಜು ಹುಟ್ಟುವುದು ಸುರುಳಿಯ ಸುತ್ತುಗಳ ಒಳಗೇ. ಆದ್ದರಿಂದ ಅದು ಸುರುಳಿ, ಅದರ ರೋಧ, ಕಂಡೆನ್ಸರ್ ಇವುಗಳೊಂದಿಗೆ ಸರಣಿಯಲ್ಲಿದೆ. ಪರೀಕ್ಷೆ ಬರೆಯುವವರು ಇಲ್ಲಿ ಎಡವುವುದುಂಟು.

ಉದಾಹರಣೆಗೆ ಸುರುಳಿ 250 ಮೈಕ್ರೋಹೆನ್ರಿ, ಫೆರೈಟಿನ ನಷ್ಟವೂ ಸೇರಿ ಒಟ್ಟು ರೋಧ 15 ಓಮ್ ಎಂದಿರಲಿ. ಭದ್ರಾವತಿಗೆ ಹೊಂದಿಸಲು ಕಂಡೆನ್ಸರನ್ನು ಸುಮಾರು 222 ಪಿಕೋಫ್ಯಾರಡ್‌ಗೆ ತಿರುಗಿಸಬೇಕು. ಆಗ ωL ಮತ್ತು 1/ωC ಎರಡೂ 1060 ಓಮ್, |Z| ಬರೀ 15 ಓಮ್. ಮುಳ್ಳು ಅಲ್ಲೇ ಇರುವಾಗ ಧಾರವಾಡದ ಅಲೆಗೆ ಸುರುಳಿಯ ತಡೆ 1202 ಓಮ್, ಕಂಡೆನ್ಸರಿನದು 935.5 ಓಮ್. ಇವುಗಳ ವ್ಯತ್ಯಾಸ 266 ಓಮಿನಷ್ಟು, ಅದರ ಮುಂದೆ 15 ಓಮ್ ಲೆಕ್ಕಕ್ಕೇ ಬರುವುದಿಲ್ಲ, |Z| ಹೆಚ್ಚುಕಡಿಮೆ 267 ಓಮ್. ಎರಡು ನಿಲ್ದಾಣಗಳೂ ಸುರುಳಿಯಲ್ಲಿ ಸಮನಾದ ವೋಲ್ಟೇಜು ಹುಟ್ಟಿಸಿದರೂ ಧಾರವಾಡದ ಪ್ರವಾಹ ಭದ್ರಾವತಿಯದರ ಹದಿನೆಂಟನೆಯ ಒಂದು ಪಾಲಿಗೆ ಇಳಿಯುತ್ತದೆ.

ಈ ಆಯ್ಕೆಯ ಚುರುಕನ್ನು ಒಂದೇ ಅಂಕಿಯಲ್ಲಿ ಹೇಳುವುದು ಕ್ವಾಲಿಟಿ ಫ್ಯಾಕ್ಟರ್. ಅನುರಣನದಲ್ಲಿ ಸುರುಳಿಯ ತಡೆಯನ್ನು ರೋಧದಿಂದ ಭಾಗಿಸಿದರೆ ಅದು ಸಿಗುತ್ತದೆ: Q = ω₀L/R. ಸುರುಳಿಗಳ ಗುಣ ಅಳೆಯಲು ಈ ಅಕ್ಷರವನ್ನು ಮೊದಲು ಬಳಸಿದವನು ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಕೆ. ಎಸ್. ಜಾನ್ಸನ್. ಮೇಲಿನ ಸುರುಳಿಗೆ ಅದು ಸುಮಾರು 71. ಇದಕ್ಕೆ ಇನ್ನೊಂದು ಅರ್ಥವೂ ಇದೆ. ಸುರುಳಿಯಲ್ಲಿ 1 ಮಿಲಿವೋಲ್ಟ್ ಹುಟ್ಟಿದರೆ ಕಂಡೆನ್ಸರಿನ ತುದಿಗಳಲ್ಲಿ 71 ಮಿಲಿವೋಲ್ಟ್ ಸಿಗುತ್ತದೆ. ಶಕ್ತಿ ಎಲ್ಲಿಂದಲೋ ಉಕ್ಕಿ ಬಂದಿಲ್ಲ. ಸುರುಳಿಗೂ ಕಂಡೆನ್ಸರಿಗೂ ನಡುವೆ ಓಡಾಡುತ್ತ ಕೂಡಿಕೊಂಡದ್ದು ಅಷ್ಟೆ, ಹೊರಗಿನಿಂದ ಬರುವುದು ರೋಧದಲ್ಲಿ ಬಿಸಿಯಾಗಿ ಹೋದಷ್ಟನ್ನು ತುಂಬುತ್ತದೆ.

|Z| ಕನಿಷ್ಠ ಬೆಲೆಯ √2 ಪಟ್ಟು, ಅಂದರೆ ಇಲ್ಲಿ 21.2 ಓಮ್ ಆಗುವ ಎರಡು ಆವೃತ್ತಿಗಳಲ್ಲಿ ರೋಧಕ್ಕೆ ಸಲ್ಲುವ ಶಕ್ತಿ ಅರ್ಧಕ್ಕಿಳಿಯುತ್ತದೆ. ಈ ಮಂಡಲದಲ್ಲಿ ಅವು 670.2 ಮತ್ತು 679.8 ಕಿಲೋಹರ್ಟ್ಸ್. ಇವುಗಳ ನಡುವಿನ 9.6 ಕಿಲೋಹರ್ಟ್ಸ್ ಅಂತರವೇ ಬ್ಯಾಂಡ್‌ವಿಡ್ತ್. ಸೂತ್ರದಲ್ಲಿ ಬರೆದರೆ Δf = f₀/Q = R/(2πL). ಕೊನೆಯ ರೂಪದಲ್ಲಿ C ಇಲ್ಲವೇ ಇಲ್ಲ. ಹಾಗಾದರೆ ಗುಂಡಿಯನ್ನು ಎಲ್ಲಿಗೆ ತಿರುಗಿಸಿದರೂ ಬ್ಯಾಂಡ್‌ವಿಡ್ತ್ ಒಂದೇ ಇರಬೇಕು. ನಿಜವಾದ ರೇಡಿಯೋದಲ್ಲಿ ಹಾಗಿರುವುದಿಲ್ಲ. ಆವೃತ್ತಿ ಏರಿದಂತೆ ತಂತಿಯ ರೋಧವೂ ಫೆರೈಟಿನ ನಷ್ಟವೂ ಏರುವುದರಿಂದ ಡಯಲಿನ ಮೇಲ್ತುದಿಯಲ್ಲಿ ಬ್ಯಾಂಡ್‌ವಿಡ್ತ್ ಅಗಲವಾಗುತ್ತದೆ.

Q ಎಷ್ಟು ಹೆಚ್ಚಿದರೆ ಅಷ್ಟು ಒಳ್ಳೆಯದೆಂಬ ಭಾವನೆಯೂ ಸರಿಯಲ್ಲ. ಮಾತು, ಸಂಗೀತ ಕುಳಿತಿರುವುದು 675ರ ಎರಡೂ ಬದಿಯ ಪಕ್ಕಪಟ್ಟಿಗಳಲ್ಲಿ. Q 200 ಆದರೆ ಬ್ಯಾಂಡ್‌ವಿಡ್ತ್ 3.4 ಕಿಲೋಹರ್ಟ್ಸ್‌ಗೆ ಕುಗ್ಗಿ ಹೆಚ್ಚಿನ ಸ್ವರಗಳು ಸೊರಗುತ್ತವೆ, ದನಿ ಮಂಕಾಗಿ ಕೇಳುತ್ತದೆ.

ಮಂಡಲ ಕೆಟ್ಟಾಗ ದೋಷ ಎಲ್ಲಿದೆಯೆಂದು ಈ ಸೂತ್ರಗಳೇ ಹೇಳುತ್ತವೆ. ಸುರುಳಿಗೆ ತೇವ ಹಿಡಿದು ಒಟ್ಟು ರೋಧ 30 ಓಮ್ ಆಯಿತೆನ್ನಿ. ನಿಲ್ದಾಣ ಡಯಲಿನ ಅದೇ ಜಾಗದಲ್ಲಿ ಸಿಗುತ್ತದೆ. ಆದರೆ ಭದ್ರಾವತಿಯ ಪ್ರವಾಹ ಅರ್ಧವಾಗುತ್ತದೆ, ಧಾರವಾಡದ್ದು ಮಾತ್ರ ಹೆಚ್ಚೇನೂ ಬದಲಾಗುವುದಿಲ್ಲ, ಏಕೆಂದರೆ ಅದಕ್ಕೆ ಎದುರಾಗಿದ್ದ 267 ಓಮ್ ಈಗ 268 ಆಗಿದೆ, ಅಷ್ಟೆ. ಬೇಕಾದ ನಿಲ್ದಾಣ ಕುಗ್ಗಿ, ಬೇಡದ್ದು ಹಾಗೇ ಉಳಿದರೆ ಹೆಚ್ಚಿರುವುದು ರೋಧ. ಸರಳಿನ ಮೇಲೆ ಸುರುಳಿಯೇ ಜರುಗಿದ್ದರೆ L ಬದಲಾಗುತ್ತದೆ. ಆಗ ಒಂದೇ ಸ್ಥಾನದ ಕಂಡೆನ್ಸರಿಗೆ ಅನುರಣನ ಬೇರೆ ಆವೃತ್ತಿಯಲ್ಲಿ ಬೀಳುತ್ತದೆ. ಪ್ರಯೋಗಶಾಲೆಯಲ್ಲಿ ಇದೇ ವಕ್ರರೇಖೆ ಎಳೆಯುವಾಗ ಅಳತೆಯ Q ಲೆಕ್ಕದ್ದಕ್ಕಿಂತ ಕಡಿಮೆ ಬಂದರೆ, ಸಿಗ್ನಲ್ ಜನರೇಟರಿನ ಒಳರೋಧವನ್ನೂ ಸುರುಳಿಯ ತಂತಿಯ ರೋಧವನ್ನೂ R ಜೊತೆ ಕೂಡಿಸದೆ ಬಿಟ್ಟಿರುವುದು ಸಾಮಾನ್ಯ ಕಾರಣ.

ಈ ಒಂದೇ ಮಂಡಲಕ್ಕೆ ಮಿತಿಯೂ ಇದೆ. ಏಷ್ಯಾದಲ್ಲಿ ಮೀಡಿಯಂ ವೇವ್ ನಿಲ್ದಾಣಗಳನ್ನು 9 ಕಿಲೋಹರ್ಟ್ಸ್ ಅಂತರದಲ್ಲಿ ಹಂಚಲಾಗಿದೆ. ಭದ್ರಾವತಿಯ ಪಕ್ಕದ ಮನೆಯಾದ 684ರಲ್ಲಿ |Z| ಕೇವಲ 32 ಓಮ್, ಪ್ರವಾಹ ಅರ್ಧದಷ್ಟು ಉಳಿದೇ ಇರುತ್ತದೆ. ಅದನ್ನು ತಡೆಯುವ ಕೆಲಸವನ್ನು ಸೂಪರ್‌ಹೆಟರೊಡೈನ್ ರೇಡಿಯೋಗಳು ಮುಂದಿನ 455 ಕಿಲೋಹರ್ಟ್ಸ್ ಹಂತಕ್ಕೆ ಬಿಡುತ್ತವೆ. ಆ ಹಂತ ತಡೆಯಲಾರದ ಒಂದು ಆವೃತ್ತಿ ಇದೆ: ಭದ್ರಾವತಿಗೆ ಹೊಂದಿಸಿದಾಗ 1585 ಕಿಲೋಹರ್ಟ್ಸ್‌ನ ಪ್ರತಿಬಿಂಬ ಸಂಕೇತ. ಅದನ್ನು ಆಂಟೆನಾ ಸುರುಳಿಯ ಈ ಮಂಡಲವೇ ಸುಮಾರು 136ರಲ್ಲಿ ಒಂದು ಪಾಲಿಗೆ ಇಳಿಸುತ್ತದೆ.