ಹೊರೆ, ಸಂಖ್ಯೆ ಮತ್ತು ಮರುದಿನದ ಬೆಳಗು: ಅಧಿಕ ತೂಕದ ಹೊಸಬರ ಮಂಡಿನೋವಿಗೆ ವ್ಯಾಯಾಮದ ಪ್ರಮಾಣ ನಿರ್ಣಯ

ತೂಕ ಹೆಚ್ಚಿರುವವರು ವ್ಯಾಯಾಮ ಆರಂಭಿಸಿದ ಕೆಲವೇ ದಿನಗಳಲ್ಲಿ ಮಂಡಿ ಹಿಡಿದುಕೊಂಡು ನಿಂತುಬಿಡುವುದು ಸಾಮಾನ್ಯ. ಅವರಿಗೆ ಸಿಗುವ ಸಲಹೆ ಎರಡೇ: ನೋವನ್ನು ಸಹಿಸಿಕೊಂಡು ಮುಂದುವರಿಯಿರಿ, ಇಲ್ಲವೇ ವಿಶ್ರಾಂತಿ ತೆಗೆದುಕೊಳ್ಳಿ. ಎರಡೂ ಪ್ರಮಾಣದ ಪ್ರಶ್ನೆಯನ್ನು ಕೈಬಿಡುತ್ತವೆ. ಯಾವ ವ್ಯಾಯಾಮ ಎಂಬುದಕ್ಕಿಂತ ಎಷ್ಟು, ಎಷ್ಟು ಸಲ ಎಂಬುದೇ ಇಲ್ಲಿ ನಿರ್ಣಾಯಕ ಎಂಬುದು ಈ ಲೇಖನದ ವಾದ.

2010ರಲ್ಲಿ ಪ್ರಕಟವಾದ ಬರ್ಲಿನ್ ಸಂಶೋಧಕರ ಅಧ್ಯಯನವೊಂದು ಐವರ ಕೃತಕ ಮಂಡಿಗಳೊಳಗೆ ಕೂರಿಸಿದ್ದ ಸಂವೇದಕಗಳಿಂದ ಕೀಲಿನ ಹೊರೆಯನ್ನು ನೇರವಾಗಿ ಅಳೆಯಿತು. ಸಮತಟ್ಟು ನೆಲದ ನಡಿಗೆಯಲ್ಲಿ ಗರಿಷ್ಠ ಹೊರೆ ದೇಹತೂಕದ ಸುಮಾರು 2.6 ಪಟ್ಟು, ಕುರ್ಚಿಯಿಂದ ಏಳುವಾಗ ಸುಮಾರು 2.5 ಪಟ್ಟು, ಮೆಟ್ಟಿಲಿಳಿಯುವಾಗ ಸುಮಾರು 3.5 ಪಟ್ಟು. ಅಳತೆಗೊಳಗಾದವರು ಐವರೇ, ಅವರೂ ಶಸ್ತ್ರಚಿಕಿತ್ಸೆಯಾದವರು. ಆದ್ದರಿಂದ ಈ ಅಂಕಿಗಳನ್ನು ಎಲ್ಲರ ಮಂಡಿಗೂ ಯಥಾವತ್ತಾಗಿ ಹೊಂದಿಸಲಾಗದು, ಆದರೆ ಚಲನೆಗಳ ನಡುವಿನ ಅಂತರವನ್ನು ಅವು ಸ್ಪಷ್ಟವಾಗಿ ತೋರುತ್ತವೆ. ನಡಿಗೆಗೂ ಕುರ್ಚಿಯಿಂದ ಏಳುವುದಕ್ಕೂ ಪ್ರತಿ ಸಲದ ಹೊರೆ ಹೆಚ್ಚುಕಡಿಮೆ ಒಂದೇ ಎಂಬುದು ಗಮನಾರ್ಹ. ಭಿನ್ನವಾಗುವುದು ಸಂಖ್ಯೆ. ಮುಕ್ಕಾಲು ಗಂಟೆಯ ನಡಿಗೆಯಲ್ಲಿ ಒಂದೊಂದು ಕಾಲೂ ಎರಡು ಸಾವಿರಕ್ಕೂ ಹೆಚ್ಚು ಸಲ ನೆಲ ಮುಟ್ಟುತ್ತದೆ. ಕುರ್ಚಿಯಿಂದ ಎದ್ದು ಕೂರುವ ಅಭ್ಯಾಸವಾದರೆ 24 ಸಲಕ್ಕೆ ಮುಗಿಯುತ್ತದೆ, ತೊಡೆಯ ಸ್ನಾಯುವಿಗೆ ಅಷ್ಟರಲ್ಲೇ ಸಾಕಷ್ಟು ಕೆಲಸವೂ ಆಗುತ್ತದೆ. ಜಿಗಿತದಲ್ಲಿ ಹೊರೆ ದೊಡ್ಡದು ಮಾತ್ರವಲ್ಲ, ನೆಲಕ್ಕೆ ಬೀಳುವ ಕ್ಷಣದಲ್ಲಿ ಥಟ್ಟನೆ ಏರುತ್ತದೆ. ಸ್ಕಿಪ್ಪಿಂಗ್ ಅನ್ನು ಆರಂಭದಲ್ಲಿ ಕೈಬಿಡಲು ಈ ಕಾರಣ ಸಾಕು.

ಒಂದು ಮಾದರಿ ಪ್ರಕರಣವನ್ನು ಕಲ್ಪಿಸಿಕೊಳ್ಳೋಣ. 42 ವರ್ಷದ ಮಹಿಳೆ, ತೂಕ 95 ಕಿಲೋ. 20 ನಿಮಿಷ ನಡೆದರೆ ಮಂಡಿಚಿಪ್ಪಿನ ಸುತ್ತ ನೋವು ಶುರುವಾಗುತ್ತದೆ. ಊತವಿಲ್ಲ, ಪೆಟ್ಟು ಬಿದ್ದಿಲ್ಲ. ಆಕೆಗೆ ಕೊಡುವ ಕ್ರಮ ಇದು: ನೋವು ಹುಟ್ಟುವ ಹೊತ್ತಿಗಿಂತ ಬಹಳ ಮೊದಲೇ ನಿಲ್ಲಿಸುವಂತೆ, ಬೆಳಿಗ್ಗೆ 12 ಮತ್ತು ಸಂಜೆ 12 ನಿಮಿಷ ಸಮತಟ್ಟು ದಾರಿಯಲ್ಲಿ ನಿಧಾನ ನಡಿಗೆ. ದಿನದ ಒಟ್ಟು 24 ನಿಮಿಷ ಆಕೆಗೆ ನೋವು ತರುತ್ತಿದ್ದ 20ಕ್ಕಿಂತ ಹೆಚ್ಚೇ. ನಡುವೆ ಬಿಡುವು ಸಿಗುವುದರಿಂದ ಹೀಗೆ ಹಂಚಿದ ನಡಿಗೆ ಸಾಮಾನ್ಯವಾಗಿ ಸಹನೀಯ. ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಟ್ಟು, ದಿಂಬು ಹಾಕಿ ಎತ್ತರಿಸಿದ ಕುರ್ಚಿಯಿಂದ ಎಂಟೆಂಟರಂತೆ ಮೂರು ಸುತ್ತು ಏಳುವುದು. ಮಂಡಿ ಹೆಚ್ಚು ಮಡಿಚಿದಷ್ಟೂ ಚಿಪ್ಪಿನ ಹಿಂದಿನ ಒತ್ತಡ ಏರುವುದರಿಂದ ಈ ಎತ್ತರ ಬೇಕು. ಪೂರ್ತಿ ಕೂರುವ ಬಸ್ಕಿ ಇದೇ ಕಾರಣಕ್ಕೆ ಸದ್ಯಕ್ಕಿಲ್ಲ. ಜತೆಗೆ ಅಂಗಾತ ಮಲಗಿ ಮಂಡಿ ಮಡಿಚಿ ಸೊಂಟ ಎತ್ತುವುದು, ಗೋಡೆ ಹಿಡಿದು ಹಿಮ್ಮಡಿ ಎತ್ತುವುದು, ಹತ್ತತ್ತು ಸಲ. ದಮ್ಮಿನ ಅಭ್ಯಾಸ ಇನ್ನೂ ಬೇಕೆನಿಸಿದರೆ ನಿಂತಲ್ಲೇ ತುಳಿಯುವ ಸೈಕಲ್ ಒಳ್ಳೆಯದು. ಸೀಟು ತಗ್ಗಿದ್ದರೆ ಅದರಲ್ಲೂ ಮಂಡಿ ನೋಯುತ್ತದೆ. ಪೆಡಲ್ ಕೆಳಗಿಳಿದಾಗ ಕಾಲು ಬಹುತೇಕ ನೇರವಾಗಿ, ಮಂಡಿ ತುಸುವೇ ಬಾಗಿರಬೇಕು.

ಪ್ರಮಾಣ ಸರಿಯಿದೆಯೇ ಎಂದು ತಿಳಿಯುವುದು ಹೇಗೆ? ಸ್ವೀಡನ್ನಿನ ಸಂಶೋಧಕ ರೋಲಂಡ್ ಥೊಮೆ 1997ರಲ್ಲಿ ಮಂಡಿಚಿಪ್ಪಿನ ನೋವಿಗಾಗಿ ಸೂಚಿಸಿದ ಕ್ರಮ ಇಂದಿಗೂ ಉಪಯುಕ್ತ. ನೋವನ್ನು ಸೊನ್ನೆಯಿಂದ ಹತ್ತರವರೆಗೆ ಅಂದಾಜಿಸಬೇಕು. ವ್ಯಾಯಾಮದ ವೇಳೆ ಐದರವರೆಗೆ ಒಪ್ಪಬಹುದು, ಆದರೆ ಮರುದಿನ ಬೆಳಿಗ್ಗೆಯ ಹೊತ್ತಿಗೆ ಅದು ಮೊದಲಿನ ಮಟ್ಟಕ್ಕೆ ಇಳಿದಿರಬೇಕು. ನಮ್ಮ ಮನೆಗಳಲ್ಲಿ ಇದಕ್ಕೆ ಒಳ್ಳೆಯ ಪರೀಕ್ಷೆ ಬೆಳಗಿನ ಮೊದಲ ಮೆಟ್ಟಿಲಿಳಿಯುವಿಕೆ.

ಮಾದರಿ ಪ್ರಕರಣದ ಮಹಿಳೆ ಮೂರನೆಯ ವಾರ ಪ್ರತಿ ಹೊತ್ತಿನ ನಡಿಗೆಯನ್ನು 18 ನಿಮಿಷಕ್ಕೆ ಏರಿಸಿ, ಅದೇ ವಾರ ದಿಂಬನ್ನೂ ತೆಗೆದರೆಂದುಕೊಳ್ಳಿ. ಬೆಳಗಿನ ನೋವು ಎರಡರಿಂದ ಐದಕ್ಕೇರುತ್ತದೆ. ಕಾರಣ ನಡಿಗೆಯೋ ಕುರ್ಚಿಯೋ? ಹೇಳಲಾಗದು, ಏಕೆಂದರೆ ಎರಡನ್ನೂ ಒಟ್ಟಿಗೆ ಬದಲಿಸಲಾಗಿದೆ. ಆಗ ಮಾಡಬೇಕಾದದ್ದು ಪೂರ್ಣ ವಿಶ್ರಾಂತಿಯಲ್ಲ. 12 ನಿಮಿಷಕ್ಕೂ ದಿಂಬಿಗೂ ಮರಳಿ, ನೋವು ಎರಡಕ್ಕೆ ಇಳಿದ ಮೇಲೆ ನಡಿಗೆಯನ್ನಷ್ಟೇ 14ಕ್ಕೆ ಏರಿಸಬೇಕು. ಒಂದು ವಾರ ಬೆಳಗಿನ ನೋವು ಏರದಿದ್ದರೆ ಮಾತ್ರ ದಿಂಬಿನ ಸರದಿ. ನಡಿಗೆಯನ್ನು ಏರಿಸುವಾಗ ಹೊತ್ತು ಮೊದಲು, ವೇಗ ಆಮೇಲೆ, ಇಳಿಜಾರು ಕೊನೆಗೆ.

ತೂಕದ ಮಾತನ್ನು ಮುಚ್ಚಿಡಬೇಕಾಗಿಲ್ಲ. ಸಂಶೋಧಕ ಸ್ಟೀಫನ್ ಮೆಸಿಯರ್ ಮತ್ತು ಸಂಗಡಿಗರು 2005ರಲ್ಲಿ, ಮಂಡಿ ಸವೆದಿದ್ದ ಅಧಿಕ ತೂಕದ ಹಿರಿಯರಲ್ಲಿ ಕಂಡದ್ದೇನೆಂದರೆ, ದೇಹ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಹೊರೆ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ. ಹಾಗೆಂದು ತೂಕ ಇಳಿಯುವವರೆಗೂ ಕಾಯಬೇಕಿಲ್ಲ. ಸ್ನಾಯು ಬಲಗೊಳ್ಳಲು ತೂಕ ಇಳಿದಿರಬೇಕೆಂಬ ನಿಯಮವಿಲ್ಲ.

ಈ ಕ್ರಮಕ್ಕೆ ಮಿತಿಗಳಿವೆ. ಮಂಡಿ ಊದಿಕೊಂಡಿದ್ದರೆ, ಮಡಿಚಿದಲ್ಲೇ ಸಿಕ್ಕಿಹಾಕಿಕೊಂಡರೆ, ನಡೆಯುವಾಗ ಕುಸಿದರೆ, ರಾತ್ರಿ ನಿದ್ದೆಗೆಡಿಸುವಷ್ಟು ನೋವಿದ್ದರೆ ವ್ಯಾಯಾಮ ನಿಲ್ಲಿಸಿ ಮೂಳೆ ವೈದ್ಯರನ್ನು ಕಾಣಬೇಕು. ಜ್ವರದೊಂದಿಗೆ ಮಂಡಿ ಬಿಸಿಯಾಗಿ ಕೆಂಪಾದರೆ, ಅಥವಾ ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಎದೆನೋವು, ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು ಆರಂಭಕ್ಕೆ ಮೊದಲೇ ವೈದ್ಯರನ್ನು ಕೇಳಬೇಕು. ಇನ್ನು ವ್ಯಾಯಾಮ ಕಲಿಸುವವರಲ್ಲಿ ಒಂದು ವಿನಂತಿ: ಇಂಥವರಿಗೆ ಹೊಸ ಅಭ್ಯಾಸ ಕೊಡುವ ಮುನ್ನ, ಹಿಂದಿನ ಅಭ್ಯಾಸದ ಮರುದಿನ ಬೆಳಿಗ್ಗೆ ಮಂಡಿ ಹೇಗಿತ್ತು ಎಂದು ಕೇಳಿ, ಉತ್ತರವನ್ನು ಬರೆದಿಟ್ಟುಕೊಳ್ಳಿ.