ಸ್ಥಿರ ದರದ ಅವಧಿ ಎಲ್ಲಿ ಕಾಣೆಯಾಯಿತು? ಆಹಾರ ಒಣಗುವ ವಕ್ರರೇಖೆಯ ಒಂದು ತಪ್ಪು ಓದು

‘ಹಣ್ಣು ತರಕಾರಿಗಳಲ್ಲಿ ಸ್ಥಿರ ದರದ ಅವಧಿ ಇರುವುದಿಲ್ಲ, ಒಣಗುವಿಕೆ ಪೂರ್ತಿ ಇಳಿಯುವ ದರದಲ್ಲೇ ನಡೆಯುತ್ತದೆ.’ ನಮ್ಮ ಆಹಾರ ಎಂಜಿನಿಯರಿಂಗ್ ತರಗತಿಗಳಲ್ಲಿ ಈ ಮಾತು ನೋಟ್ಸಿನಿಂದ ನೋಟ್ಸಿಗೆ ಇಳಿದು ಬಂದಿದೆ. ನನಗೂ ಹಾಗೇ ಬಂತು, ನಾನೂ ಕೆಲವು ವರ್ಷ ಅದನ್ನೇ ಹೇಳಿಕೊಟ್ಟೆ. ಈಗ ಅದನ್ನು ಒಪ್ಪಲಾರೆ. ಮಾತು ಎಲ್ಲ ಕಡೆಯೂ ಸುಳ್ಳೆಂದು ನಾನು ಹೇಳುತ್ತಿಲ್ಲ. ಆದರೆ ಅದಕ್ಕೆ ಆಧಾರವಾಗಿ ತೋರಿಸುವ ರೇಖೆ ಅನೇಕ ಸಲ ಅದನ್ನು ಸಾಬೀತು ಮಾಡುವುದೇ ಇಲ್ಲ.

ಸ್ಥಿರ ದರ, ಇಳಿಯುವ ದರ ಎಂಬ ವಿಭಜನೆ ಅಡಿಗೆಮನೆಯ ವಸ್ತುಗಳಿಂದ ಹುಟ್ಟಿದ್ದಲ್ಲ. ಮೇಲ್ಮೈಯಿಂದ ನೀರು ಆವಿಯಾಗುವುದು ಬೇರೆ, ಒಳಗಿನ ನೀರು ಮೇಲ್ಮೈಗೆ ಬರುವುದು ಬೇರೆ ಎಂದು 1921ರಲ್ಲಿ ಡಬ್ಲ್ಯು. ಕೆ. ಲೂಯಿಸ್ ಬರೆದರು. 1929ರಿಂದ ಟಿ. ಕೆ. ಶೆರ್ವುಡ್ ತಮ್ಮ ಲೇಖನಮಾಲೆಯಲ್ಲಿ ಅದನ್ನು ಪ್ರಯೋಗಕ್ಕೆ ಒಡ್ಡಿದರು. ಮರ, ಸೋಪು, ಜೇಡಿಮಣ್ಣಿನಂಥ ವಸ್ತುಗಳ ಚಪ್ಪಟೆ ಹಲಗೆಗಳು ಅವರ ಮುಂದಿದ್ದವು. ಇಂಥ ಹಲಗೆಯನ್ನು ಅದರ ಎರಡು ದೊಡ್ಡ ಮುಖಗಳಿಂದ ಒಣಗಿಸಿದರೆ ಆವಿಯಾಗುವ ಮೇಲ್ಮೈಯ ವಿಸ್ತೀರ್ಣ ಹೆಚ್ಚೇನೂ ಬದಲಾಗುವುದಿಲ್ಲ. ಪಠ್ಯಪುಸ್ತಕದ ಸೂತ್ರ ಹುಟ್ಟಿದ್ದು ಇಂಥ ವಸ್ತುಗಳ ಸಂಗದಲ್ಲಿ:

R = −(Ls/A)(dX/dt)

ಇಲ್ಲಿ Ls ಒಣ ಪದಾರ್ಥದ ತೂಕ. X ಎಂದರೆ ಒಂದು ಕಿಲೋ ಒಣ ಪದಾರ್ಥಕ್ಕೆ ಎಷ್ಟು ಕಿಲೋ ನೀರು ಎಂಬ ಲೆಕ್ಕ. A ವಿಸ್ತೀರ್ಣ. ನನ್ನ ತಕರಾರೆಲ್ಲ ಈ A ಬಗ್ಗೆ. ತೂಕವನ್ನು ಹತ್ತು ನಿಮಿಷಕ್ಕೊಮ್ಮೆ ಬರೆದುಕೊಳ್ಳುತ್ತೇವೆ, ವಿಸ್ತೀರ್ಣವನ್ನು ಮಾತ್ರ ಟ್ರೇಗೆ ಹಾಕುವ ಮೊದಲು ಒಂದೇ ಸಲ ಅಳೆದು ಕೊನೆಯವರೆಗೂ ಅದನ್ನೇ ಇಟ್ಟುಕೊಳ್ಳುತ್ತೇವೆ. ಆಲೂಗಡ್ಡೆಯ ತುಂಡನ್ನು ಎರಡು ಗಂಟೆಯ ನಂತರ ಕೈಗೆ ತೆಗೆದುಕೊಳ್ಳಿ. ಅಂಚುಗಳು ಒಳಕ್ಕೆ ಬಾಗಿರುತ್ತವೆ, ಮುಖಗಳು ತಗ್ಗಾಗಿರುತ್ತವೆ, ತುಂಡು ಬೆರಳುಗಳ ನಡುವೆ ಎದ್ದು ಕಾಣುವಷ್ಟು ಚಿಕ್ಕದಾಗಿರುತ್ತದೆ. ನಮ್ಮ ಲೆಕ್ಕದ ಹಾಳೆಯಲ್ಲಿ ಅದು ಇನ್ನೂ ಬೆಳಗಿನ ಅಳತೆಯದೇ.

ಇದರಿಂದ ಎಷ್ಟು ವ್ಯತ್ಯಾಸವಾದೀತು? ಒಂದು ಉದಾಹರಣೆಯನ್ನು ಪೂರ್ತಿ ಬಿಡಿಸಿ ನೋಡೋಣ. ಒಂದು ಸೆಂಟಿಮೀಟರ್ ಬದಿಯ ಘನಾಕಾರದ ತುಂಡು, ತೂಕ 1.06 ಗ್ರಾಂ, ಅದರಲ್ಲಿ ನೂರಕ್ಕೆ 80 ಪಾಲು ನೀರು. ಹಾಗಾದರೆ ಒಣ ಪದಾರ್ಥ 0.212 ಗ್ರಾಂ, X = 4. ಹೋದ ನೀರಿನ ಗಾತ್ರದಷ್ಟೇ ತುಂಡೂ ಕುಗ್ಗುತ್ತದೆ, ಆಕಾರ ಘನವಾಗಿಯೇ ಉಳಿಯುತ್ತದೆ ಎಂದಿಟ್ಟುಕೊಳ್ಳಿ. ಇನ್ನೊಂದು ಮುಖ್ಯ ಷರತ್ತು: ಇರುವ ಮೇಲ್ಮೈಯ ಪ್ರತಿ ಚದರ ಸೆಂಟಿಮೀಟರಿನಿಂದ ಆವಿಯಾಗುವ ನೀರು ಕೊನೆಯವರೆಗೂ ಒಂದೇ ಸಮ. ಅಂದರೆ ಸ್ಥಿರ ದರವನ್ನು ನಾವೇ ಬೇಕೆಂದು ಒಳಗಿಟ್ಟಿದ್ದೇವೆ.

X ಎರಡಕ್ಕೆ ಇಳಿದಾಗ 0.424 ಗ್ರಾಂ ನೀರು ಹೋಗಿರುತ್ತದೆ. ಗಾತ್ರ 0.576 ಘನ ಸೆಂಟಿಮೀಟರ್, ವಿಸ್ತೀರ್ಣ ಮೊದಲಿನದರ ನೂರಕ್ಕೆ 69 ಪಾಲು. X ಒಂದಕ್ಕೆ ಬಂದಾಗ ಗಾತ್ರ 0.364, ವಿಸ್ತೀರ್ಣ ನೂರಕ್ಕೆ 51 ಪಾಲು. ಹಳೆಯ A ಇಂದಲೇ ಭಾಗಿಸಿದವನಿಗೆ ದರ 1ರಿಂದ 0.69ಕ್ಕೆ, ಅಲ್ಲಿಂದ 0.51ಕ್ಕೆ ಇಳಿದಂತೆ ಕಾಣುತ್ತದೆ. ಆತ ಮೊದಲ ಬಿಂದುವಿನಿಂದಲೇ ಇಳಿಯುವ ರೇಖೆ ಎಳೆದು, ನಿರ್ಣಾಯಕ ತೇವಾಂಶ ಆರಂಭದ ತೇವಾಂಶಕ್ಕೆ ಸಮ, ಸ್ಥಿರ ದರದ ಅವಧಿ ಇಲ್ಲ ಎಂದು ಬರೆಯುತ್ತಾನೆ. ನಾವೇ ಇಟ್ಟ ವಸ್ತು ಇಲ್ಲವೆಂದು ಅವನ ರೇಖೆ ಹೇಳುತ್ತದೆ.

ಪರೀಕ್ಷೆಯ ಪ್ರಶ್ನೆಯಲ್ಲಿ ಇದರ ಪೆಟ್ಟು ಸಮಯದ ಮೇಲೆ ಬೀಳುತ್ತದೆ. ಆರಂಭದಲ್ಲಿ X ಗಂಟೆಗೆ 1ರಂತೆ ಇಳಿಯುತ್ತಿದೆ, ನಾಲ್ಕರಿಂದ ಒಂದಕ್ಕೆ ಬರಲು ಎಷ್ಟು ಹೊತ್ತು ಬೇಕು? ವಿಸ್ತೀರ್ಣ ಬದಲಾಗದೆ ಸ್ಥಿರ ದರ ಎಂದರೆ 3 ಗಂಟೆ. ಕುಗ್ಗುವ ವಿಸ್ತೀರ್ಣದ ಮೇಲೆ ಸ್ಥಿರ ದರ ಎಂದರೆ 4 ಗಂಟೆ ಚಿಲ್ಲರೆ. ಮೊದಲಿನಿಂದಲೇ ಇಳಿಯುವ ದರ ಎಂದು ನಂಬಿ, ಸಮತೋಲ ತೇವಾಂಶವನ್ನು ಸೊನ್ನೆಯೆಂದು ಹಿಡಿದು, ರೂಢಿಯ ಲಾಗರಿದಮ್ ಸೂತ್ರ ಹಾಕಿದರೆ 4 ln 4, ಅಂದರೆ ಸುಮಾರು ಐದೂವರೆ ಗಂಟೆ. ಮೂರಕ್ಕೂ ತುಂಡು ಒಂದೇ, ಮೊದಲ ದರವೂ ಒಂದೇ. ಐದೂವರೆ ಗಂಟೆಯ ಉತ್ತರಕ್ಕೇ ಪೂರ್ತಿ ಅಂಕ ಸಿಗುವ ಪದ್ಧತಿಯನ್ನು ನಾನು ಒಪ್ಪಲಾರೆ.

ಇದು ನನ್ನ ಶೋಧವಲ್ಲ. ಬಿ. ಕೆ. ಮೇ ಮತ್ತು ಪಿ. ಪೆರ್ರೆ 2002ರಲ್ಲಿ ‘ಜರ್ನಲ್ ಆಫ್ ಫುಡ್ ಎಂಜಿನಿಯರಿಂಗ್’ ಪತ್ರಿಕೆಯಲ್ಲಿ ಇದನ್ನೇ ಪ್ರತಿಪಾದಿಸಿದ್ದಾರೆ: ಕಡಿಮೆಯಾಗುತ್ತ ಹೋಗುವ ಮೇಲ್ಮೈಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಆಹಾರಪದಾರ್ಥಗಳಲ್ಲೂ ಸ್ಥಿರ ಹರಿವಿನ ಅವಧಿ ಕಾಣಿಸುತ್ತದೆ. ಲೇಖನದ ಶೀರ್ಷಿಕೆಯೇ ಅದನ್ನು ಹೇಳುತ್ತದೆ. ಇಷ್ಟು ವರ್ಷವಾದರೂ ನಮ್ಮ ಪ್ರಶ್ನೆಪತ್ರಿಕೆಗಳಲ್ಲಿ ಅದರ ಸುಳಿವಿಲ್ಲ ಎಂಬುದೇ ಈ ಬರಹಕ್ಕೆ ಕಾರಣ.

ವಿಸರಣ ಸಮೀಕರಣದ ಪಕ್ಷದವರು ಇಲ್ಲಿ ಎದ್ದು ನಿಲ್ಲುತ್ತಾರೆ. ನಮ್ಮ ರೇಖೆ ದತ್ತಾಂಶಕ್ಕೆ ಚೆನ್ನಾಗಿ ಕೂಡುತ್ತದೆ, ವಿಸರಣ ಗುಣಾಂಕವೂ ಸಿಗುತ್ತದೆ ಎನ್ನುವುದು ಅವರ ವಾದ. ಇದಕ್ಕೆ ಉತ್ತರ 1937ರಲ್ಲೇ ಸಿಕ್ಕಿದೆ. ಸೀಗ್ಲ್‌ಸ್ಕೆ ಮತ್ತು ಹೌಗೆನ್ ಮರಳನ್ನು ಒಣಗಿಸುವಾಗ ತೂಕ ನೋಡಿದ್ದಷ್ಟೇ ಅಲ್ಲ, ಯಾವ ಆಳದಲ್ಲಿ ಎಷ್ಟು ನೀರು ಉಳಿದಿದೆ ಎಂಬುದನ್ನೂ ನೋಡಿದರು. ವಿಸರಣ ಹೇಳುವ ಹಂಚಿಕೆ ಅಲ್ಲಿರಲಿಲ್ಲ. ಮರಳಿನ ಕಣಗಳ ನಡುವಿನ ಸಂದುಗಳ ಲೋಮನಾಳ ಸೆಳೆತ ನೀರನ್ನು ಸಾಗಿಸುತ್ತಿತ್ತು. 1940ರಲ್ಲಿ ಹೌಗೆನ್, ಮೆಕಾಲೆ, ಮಾರ್ಷಲ್ ವಿಸರಣ ಸಮೀಕರಣಗಳ ಮಿತಿಗಳ ಮೇಲೆ ಪ್ರತ್ಯೇಕ ಲೇಖನವನ್ನೇ ಬರೆದರು. (ಹೌಗೆನ್ ಪಕ್ಷಪಾತಿ ನಾನು ಎಂದು ಯಾರಾದರೂ ಹೇಳಿದರೆ ಅಲ್ಲಗಳೆಯುವುದಿಲ್ಲ.) ಆಲೂಗಡ್ಡೆ ಮರಳಲ್ಲ, ನಿಜ. ಆದರೆ ರೇಖೆ ಕೂಡಿತು ಎಂದ ಮಾತ್ರಕ್ಕೆ ಕಾರಣ ತಿಳಿದಂತಲ್ಲ ಎಂಬ ಪಾಠ ಎರಡಕ್ಕೂ ಅನ್ವಯಿಸುತ್ತದೆ. ಮೇಲಿನ ನಮ್ಮ ತುಂಡಿನ ತೂಕಗಳನ್ನು ವಿಸರಣ ಸಮೀಕರಣಕ್ಕೆ ಕೊಟ್ಟರೂ ಒಂದು ಗುಣಾಂಕ ಹೊರಬರುತ್ತದೆ. ಅಲ್ಲಿ ಒಳಗಿನ ತಡೆಯೇ ಇರಲಿಲ್ಲ. ಆ ಸಂಖ್ಯೆಯಲ್ಲಿ ಇರುವುದು ಮೇಲ್ಮೈಯ ಆವಿಯಾಗುವಿಕೆ ಮತ್ತು ಕುಗ್ಗುವಿಕೆ, ಒಳಗಿನ ವಿಸರಣವಲ್ಲ.

ನಿಜವಾದ ಇಳಿತವನ್ನು ತೋರಿಕೆಯ ಇಳಿತದಿಂದ ಬೇರ್ಪಡಿಸಲು ನಂಬಬಹುದಾದ ಸಾಕ್ಷಿ ತಾಪಮಾನ. 60 ಡಿಗ್ರಿ ಗಾಳಿ, ಸಾಪೇಕ್ಷ ಆರ್ದ್ರತೆ ನೂರಕ್ಕೆ 10 ಇದ್ದರೆ ವೆಟ್‌ಬಲ್ಬ್ ಸುಮಾರು 29 ಡಿಗ್ರಿ. ತುಂಡಿನ ಮೇಲ್ಮೈಯ ಸ್ವಲ್ಪವೇ ಕೆಳಗೆ ಸಣ್ಣ ಥರ್ಮೋಕಪಲ್ ಚುಚ್ಚಿ ನೋಡಿ. ದರ ಇಳಿಯುತ್ತಿದ್ದರೂ ಮುಳ್ಳು 29ರ ಆಸುಪಾಸಿನಲ್ಲೇ ನಿಂತಿದ್ದರೆ ಮೇಲ್ಮೈ ಇನ್ನೂ ಒದ್ದೆ, ಕಡಿಮೆಯಾಗುತ್ತಿರುವುದು ವಿಸ್ತೀರ್ಣ. ಅದು 35, 40 ಎಂದು ಏರತೊಡಗಿದರೆ ಒಳಗಿನಿಂದ ನೀರು ಸಾಲದೆ ಬಂದಿದೆ, ಇಳಿಯುವ ದರ ನಿಜವಾಗಿಯೂ ಶುರುವಾಗಿದೆ. ತಂತಿಯ ಮೂಲಕವೂ ಬಿಸಿ ಒಳಕ್ಕೆ ಹರಿಯುವುದರಿಂದ ಒಂದೆರಡು ಡಿಗ್ರಿಯ ವ್ಯತ್ಯಾಸಕ್ಕೆ ಅರ್ಥ ಹಚ್ಚಬಾರದು. ಜೊತೆಗೆ ಅದೇ ಟ್ರೇಯಿಂದ ಆಗಾಗ ಒಂದು ತುಂಡು ತೆಗೆದು, ಅಳತೆಜಾಡಿಯ ಟಾಲ್ವೀನಿನಲ್ಲಿ ಮುಳುಗಿಸಿ ಗಾತ್ರ ಅಳೆದರೆ ಆಯಾ ಹೊತ್ತಿನ ವಿಸ್ತೀರ್ಣವನ್ನು ಅಂದಾಜು ಮಾಡಬಹುದು. ಆ ತುಂಡನ್ನು ಮತ್ತೆ ಟ್ರೇಗೆ ಹಾಕುವಂತಿಲ್ಲ.

ನನ್ನ ವಾದಕ್ಕೂ ಎಲ್ಲೆಯಿದೆ. ತೆಳುವಾಗಿ ಹೆಚ್ಚಿದ ಬಿಲ್ಲೆ ಮುಖ್ಯವಾಗಿ ದಪ್ಪದಲ್ಲಿ ಕುಗ್ಗಿದರೆ ವಿಸ್ತೀರ್ಣ ಅಷ್ಟು ತಗ್ಗುವುದಿಲ್ಲ, ಈ ತಿದ್ದುಪಡಿಯಿಂದ ಅಲ್ಲಿ ಸಿಗುವುದು ಕಡಿಮೆ. ಇನ್ನು ದ್ರಾಕ್ಷಿಯಲ್ಲಿ ನನ್ನ ವಾದ ನಿಲ್ಲುವುದೇ ಇಲ್ಲ. ಇಡೀ ಹಣ್ಣಿನ ಮೇಲೆ ಮೇಣದ ಪದರವಿದೆ, ಒಳಗೆ ರಸ ತುಂಬಿದ್ದರೂ ಮೇಲ್ಮೈ ಮೊದಲ ನಿಮಿಷದಿಂದಲೂ ಒದ್ದೆಯಲ್ಲ. ಅದಕ್ಕೇ ಒಣದ್ರಾಕ್ಷಿ ಮಾಡುವವರು ಹಣ್ಣನ್ನು ಕ್ಷಾರದ ದ್ರಾವಣದಲ್ಲಿ ಅದ್ದಿ ತೆಗೆಯುತ್ತಾರೆ. ಅದ್ದಿದ ಹಣ್ಣು ಬೇಗ ಒಣಗುತ್ತದೆ, ಅದರ ವಿಸ್ತೀರ್ಣ ಮಾತ್ರ ಅದ್ದುವ ಮೊದಲು ಇದ್ದಷ್ಟೇ ಇರುತ್ತದೆ. ಅಲ್ಲಿ ತಡೆ ಇರುವುದು ಸಿಪ್ಪೆಯಲ್ಲಿ.