ಕ್ರಮ ತಪ್ಪಿದ ತುಂಡಿನ ಎರಡು ಗಡಿ

ಸಂಖ್ಯೆಗಳ ಒಂದು ಸರಣಿ ಇದೆ. ಅದರೊಳಗಿನ ಒಂದೇ ಒಂದು ಅಖಂಡ ತುಂಡನ್ನು ಏರಿಕೆ ಕ್ರಮಕ್ಕೆ ತಂದರೆ ಇಡೀ ಸರಣಿಯೇ ಸರಿಹೋಗಬೇಕು. ಅಂಥ ತುಂಡುಗಳಲ್ಲಿ ಅತಿ ಚಿಕ್ಕದು ಯಾವುದು? ಸಾಫ್ಟ್‌ವೇರ್ ಕೆಲಸದ ಸಂದರ್ಶನಕ್ಕೆ ಓದಿಕೊಂಡವರಿಗೆ ಇದು ಲೀಟ್‌ಕೋಡ್‌ನ 581ನೇ ಲೆಕ್ಕವಾಗಿ ಗೊತ್ತು. ಅಲ್ಲಿ ಕೊಟ್ಟಿರುವ ಉದಾಹರಣೆ 2, 6, 4, 8, 10, 9, 15. ಉತ್ತರ 5, ಅಂದರೆ 6ರಿಂದ 9ರವರೆಗಿನ ತುಂಡು.

ನನ್ನ ಪ್ರಕಾರ ಈ ಉದಾಹರಣೆ ದಾರಿ ತಪ್ಪಿಸುತ್ತದೆ. ಮೊದಲ ಇಳಿತ ಎಲ್ಲಿದೆ (6ರಿಂದ 4ಕ್ಕೆ), ಕೊನೆಯ ಇಳಿತ ಎಲ್ಲಿದೆ (10ರಿಂದ 9ಕ್ಕೆ) ಎಂದು ಹುಡುಕಿ ನಡುವಿನದನ್ನು ಎತ್ತಿಕೊಂಡರೂ ಇಲ್ಲಿ ಸರಿಯುತ್ತರವೇ ಬರುತ್ತದೆ. ಆ ಉಪಾಯ ಎಲ್ಲಿ ಕೈಕೊಡುತ್ತದೆ ಎಂದು ನೋಡಬೇಕಾದರೆ ಬೇರೆ ಸರಣಿ ಬೇಕು:

```
10 20 40 90 30 60 15 70 80 95
```

ಮೊದಲ ಇಳಿತ 90ರಿಂದ 30ಕ್ಕೆ, ಕೊನೆಯದು 60ರಿಂದ 15ಕ್ಕೆ. ಈ ನಾಲ್ಕನ್ನು ಮಾತ್ರ ಸಾರ್ಟ್ ಮಾಡಿದರೆ 10, 20, 40, 15, 30, 60, 90, 70… ಎಂದಾಗುತ್ತದೆ, ಕ್ರಮ ಮತ್ತೆ ಕೆಟ್ಟಿತು. 15ರ ನಿಜವಾದ ಜಾಗ 20ಕ್ಕೂ ಮೊದಲು. 90ರ ಜಾಗ 80ರ ನಂತರ. ಆದ್ದರಿಂದ ತುಂಡು 20ರಿಂದ 80ರವರೆಗೆ ಹಿಗ್ಗಬೇಕು. ಉದ್ದ 4 ಅಲ್ಲ, 8.

ಸುಲಭದ ವಿಧಾನವೆಂದರೆ ಸರಣಿಯ ಒಂದು ಪ್ರತಿಯನ್ನು ಸಾರ್ಟ್ ಮಾಡಿ ಮೂಲದ ಪಕ್ಕದಲ್ಲಿಟ್ಟು, ಮೊದಲ ಮತ್ತು ಕೊನೆಯ ವ್ಯತ್ಯಾಸ ಎಲ್ಲಿದೆ ಎಂದು ನೋಡುವುದು. ತಪ್ಪಾಗುವ ಸಂಭವ ಕಡಿಮೆ, ಆದರೆ ಖರ್ಚು n log n. ಸ್ಟ್ಯಾಕ್ ಬಳಸಿದರೆ ಕಾಲ n ಪ್ರಮಾಣಕ್ಕೆ ಇಳಿಯುತ್ತದೆ, ಮೆಮೊರಿ ಮಾತ್ರ ಹೆಚ್ಚುವರಿಯಾಗಿ ಬೇಕು. ಈಗ ಎಲ್ಲರೂ ಮೆಚ್ಚುವ ಉತ್ತರ ಎರಡು ಓಟದ್ದು:

```
hi, lo = a[0], a[-1]
L, R = 0, -1
for i in range(n):
    if a[i] < hi: R = i
    else: hi = a[i]
for i in range(n-1, -1, -1):
    if a[i] > lo: L = i
    else: lo = a[i]
print(R - L + 1)
```

ಎಡದಿಂದ ಹೋಗುವಾಗ ಈವರೆಗಿನ ದೊಡ್ಡದನ್ನು ನೆನಪಿಟ್ಟುಕೊಳ್ಳುತ್ತೇವೆ. ನಮ್ಮ ಸರಣಿಯಲ್ಲಿ 90 ಬಂದ ಮೇಲೆ 30, 60, 15, 70, 80 ಎಲ್ಲವೂ ಅದಕ್ಕಿಂತ ಚಿಕ್ಕವು. ಕೊನೆಗೆ R ನಿಲ್ಲುವುದು 80ರ ಮೇಲೆ. ಬಲದಿಂದ ಹಿಂದಿರುಗುವಾಗ 15 ಸಿಕ್ಕ ಮೇಲೆ 60, 30, 90, 40, 20 ಅದಕ್ಕಿಂತ ದೊಡ್ಡವು. L ನಿಲ್ಲುವುದು 20ರ ಮೇಲೆ. `<` ಜಾಗದಲ್ಲಿ `<=` ಬರೆದರೆ ಸಮಾನ ಸಂಖ್ಯೆ ಬಂದಲ್ಲೆಲ್ಲ ಗಡಿ ಸುಮ್ಮನೆ ಸರಿಯುತ್ತದೆ. 1, 2, 2, 3 ಕೊಟ್ಟು ನೋಡಿ: ಉತ್ತರ 0 ಬರದಿದ್ದರೆ ದೋಷ ಇಲ್ಲೇ ಇರುವ ಸಾಧ್ಯತೆ ಹೆಚ್ಚು.

ಈ ಜಾಣತನ ಹೊಸದೇನಲ್ಲ. 1973ರಲ್ಲಿ ಬಂದ ತಮ್ಮ ಗ್ರಂಥದ ಮೂರನೇ ಸಂಪುಟದಲ್ಲಿ ಡೊನಾಲ್ಡ್ ಕ್ನುತ್ ಬಬಲ್ ಸಾರ್ಟನ್ನು ವಿವರಿಸುವಾಗ, ಒಂದು ಓಟದಲ್ಲಿ ಕೊನೆಯ ಅದಲುಬದಲು ಎಲ್ಲಾಯಿತು ಎಂಬುದನ್ನು ಗುರುತಿಟ್ಟುಕೊಳ್ಳುತ್ತಾರೆ; ಅದರಾಚೆಗಿನದು ತನ್ನ ಜಾಗದಲ್ಲೇ ಇದೆ, ಮುಂದಿನ ಓಟದಲ್ಲಿ ಮುಟ್ಟಬೇಕಿಲ್ಲ. ಬಬಲ್ ಸಾರ್ಟ್ ಮೊದಲ ಓಟದಲ್ಲಿ ಕೈಯಲ್ಲಿ ಹೊತ್ತು ಸಾಗುವುದು ಈವರೆಗಿನ ದೊಡ್ಡ ಸಂಖ್ಯೆಯನ್ನೇ. ಹಾಗಾಗಿ ಎದುರಾದ ಸಂಖ್ಯೆ ಅದಕ್ಕಿಂತ ಚಿಕ್ಕದಾದಾಗ ಮಾತ್ರ ಅದಲುಬದಲಾಗುತ್ತದೆ, ಮತ್ತು ಅಂಥ ಕೊನೆಯ ಜಾಗವೇ ನಮ್ಮ R. ಮೇಲಿನ ಕೋಡ್ ಅದಲುಬದಲನ್ನು ಬಿಟ್ಟು ಬರೀ ಗುರುತು ಹಾಕುತ್ತದೆ. ಎರಡನೇ ಓಟವನ್ನೂ ಕದಡದ ಮೂಲ ಸರಣಿಯ ಮೇಲೆಯೇ ನಡೆಸುತ್ತದೆ. ಹಾಗೆ ಮಾಡದಿದ್ದರೆ, 2, 1ರಂಥ ಸರಣಿ ಮೊದಲ ಓಟದಲ್ಲೇ ಸರಿಹೋಗಿ ಎಡಗಡಿಯ ಸುಳಿವೇ ಅಳಿಸಿಹೋಗುತ್ತದೆ.

ಮುಂದಿನ ದಶಕದಲ್ಲಿ ಪ್ರಶ್ನೆ ಬೇರೆ ರೂಪ ಪಡೆಯಿತು: ಸರಣಿ ಎಷ್ಟು ಅಸ್ತವ್ಯಸ್ತವಾಗಿದೆ ಎಂದು ಅಳೆಯುವುದು ಹೇಗೆ? ಹೈಕಿ ಮನ್ನಿಲಾ 1985ರಲ್ಲಿ ಅಂಥ ಅಳತೆಗಳಿಗೆ ಇರಬೇಕಾದ ನಿಯಮಗಳನ್ನು ಗೊತ್ತುಮಾಡಿದರು. ಎಸ್ತಿವಿಲ್-ಕಾಸ್ತ್ರೊ ಮತ್ತು ವುಡ್ 1992ರಲ್ಲಿ ಆ ಕ್ಷೇತ್ರವನ್ನೆಲ್ಲ ಸಮೀಕ್ಷಿಸಿದರು. ಈ ದೃಷ್ಟಿಯಿಂದ ನೋಡಿದರೆ ತುಂಡಿನ ಉದ್ದ ಒರಟು ಅಳತೆ. 1ರಿಂದ 1000ದವರೆಗೆ ಕ್ರಮವಾಗಿರುವ ಸರಣಿಯಲ್ಲಿ ಎರಡು ತುದಿಗಳನ್ನಷ್ಟೇ ಅದಲುಬದಲು ಮಾಡಿ. ತುಂಡಿನ ಉದ್ದ 1000, ಅಂದರೆ ಪೂರ್ತಿ ಕೆಟ್ಟಿದೆ ಎಂಬ ತೀರ್ಪು. ಆದರೆ ಹಿಂದುಮುಂದಾದ ಜೋಡಿಗಳನ್ನು ಎಣಿಸಿದರೆ ಸಿಗುವುದು 1997, ಸಾಧ್ಯವಿರುವ 4,99,500ರಲ್ಲಿ ಏನೇನೂ ಅಲ್ಲ. ಒಳಗಿನ 998 ಸಂಖ್ಯೆಗಳು ಕದಲದೆ ನಿಂತಿರುವುದು ತುಂಡಿನ ಅಳತೆಗೆ ಕಾಣುವುದಿಲ್ಲ.

ಆದರೂ ಈ ಒರಟು ಅಳತೆ ನಿಜ ಬಳಕೆಗೆ ಬಂತು. ಟಿಮ್ ಪೀಟರ್ಸ್ 2002ರಲ್ಲಿ ಪೈಥಾನ್‌ಗಾಗಿ ಬರೆದ ಟಿಮ್‌ಸಾರ್ಟ್, ಕ್ರಮದಲ್ಲಿರುವ ಎರಡು ಸಾಲುಗಳನ್ನು ಬೆಸೆಯುವ ಮುನ್ನ ಎರಡೂ ತುದಿಗಳನ್ನು ಕತ್ತರಿಸುತ್ತದೆ. ಮೊದಲ ಸಾಲು 1, 3, 5, 20. ಎರಡನೆಯದು 4, 8, 30, 40 ಎಂದುಕೊಳ್ಳಿ. 4ರ ಜಾಗ 3ರ ನಂತರ, ಆದ್ದರಿಂದ 1, 3 ಇದ್ದಲ್ಲೇ ಇರಲಿ. 20ರ ಜಾಗ 30ರ ಮೊದಲು, 30, 40 ಕೂಡ ಇದ್ದಲ್ಲೇ ಇರಲಿ. ಉಳಿದ 5, 20, 4, 8 ನಮ್ಮ ತುಂಡೇ. ಸಾಲುಗಳು ಮೊದಲೇ ಕ್ರಮದಲ್ಲಿರುವುದರಿಂದ ಇಲ್ಲಿ ಪ್ರತಿ ಸಂಖ್ಯೆಯನ್ನೂ ಮುಟ್ಟಬೇಕಿಲ್ಲ. ಹೆಜ್ಜೆಯನ್ನು ಸುಮಾರು ಇಮ್ಮಡಿಸುತ್ತ ಜಿಗಿದು, ನಂತರ ನಡುಭಾಗಿಸಿ ಹುಡುಕಿದರೆ ಗಡಿ ಸಿಗುತ್ತದೆ. ಬೆಸೆಯುವಾಗ ಉಳಿದ ಎರಡು ಭಾಗಗಳಲ್ಲಿ ಚಿಕ್ಕದನ್ನಷ್ಟೇ ಬದಿಗೆ ನಕಲು ಮಾಡಿಟ್ಟುಕೊಳ್ಳುವುದರಿಂದ, ತುದಿ ಕತ್ತರಿಸಿದಷ್ಟೂ ತಾತ್ಕಾಲಿಕ ಮೆಮೊರಿಯೂ ಉಳಿಯುತ್ತದೆ.